ಕಟ್ಟಡದ ಸಿಂಗಲ್ ಲೈನ್ ಡಯಾಗ್ರಾಂ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿನಲ್ಲಿ ಎಲ್ಲರೂ ಎಸ್‌ಎಲ್‌ಡಿ ಎನ್ನುವ ಈ ಹಾಳೆಯಲ್ಲಿ ಗುರುತುಗಳು ಹತ್ತೋ ಹದಿನೈದೋ ಇರುತ್ತವೆ. ಅವನ್ನು ಕಲಿಯಲು ಒಂದು ಸಂಜೆ ಸಾಕು. ಕಷ್ಟವಿರುವುದು ಗುರುತಿನ ಪಕ್ಕದ ಅಂಕಿಗಳಲ್ಲಿ. ಒಂದು ಅಂಕಿಯನ್ನು ಇನ್ನೊಂದರ ಎದುರು ಇಟ್ಟು ನೋಡದಿದ್ದರೆ ಅವು ಏನನ್ನೂ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದೇ ಕಟ್ಟಡವನ್ನು ಹಿಡಿದುಕೊಂಡಿದ್ದೇವೆ. ತುಮಕೂರಿನ ಹೊರವಲಯದಲ್ಲಿರುವ ಮೂರಂತಸ್ತಿನ ಕಲ್ಯಾಣ ಮಂಟಪ ಎಂದುಕೊಳ್ಳಿ. ಬೆಸ್ಕಾಂನ 11 ಕೆವಿ ಲೈನಿನಿಂದ ಸಪ್ಲೈ, ಸ್ವಂತ 250 ಕೆವಿಎ ಟ್ರಾನ್ಸ್‌ಫಾರ್ಮರ್, ಕರೆಂಟು ಹೋದರೆ 125 ಕೆವಿಎ ಡೀಸೆಲ್ ಜನರೇಟರ್, ಪ್ಯಾನೆಲ್‌ನಿಂದ 60 ಮೀಟರ್ ದೂರದಲ್ಲಿ ಹಿಂಬದಿಯ ಅಡುಗೆ ಮನೆ. ಇದರ ಡ್ರಾಯಿಂಗಿನಲ್ಲಿ ನಮಗೆ ಬೇಕಾದ ಸಾಲುಗಳು ಇಷ್ಟು:

```
11 kV, 3 PH, 50 Hz
METERING: CT 15/5 A, CL 0.5S   PT 11 kV/110 V
VCB 630 A, 25 kA   PROT. CT 20/5 A, 5P10
TR 250 kVA, 11/0.433 kV, Dyn11, Z 4.5%
INCOMER MCCB 400 A, 4P, 36 kA
BUS 400 A, 415 V, 25 kA 1 s
KITCHEN MCCB 125 A, 3P, 25 kA
   3.5C x 50 sq.mm A2XFY, 60 m
```

ಒಂದೇ ಗೆರೆ ಎಳೆದಿದ್ದಾರೆ. ಹಾಗಾದರೆ ಒಂದೇ ವೈರಾ?

ಅಲ್ಲ. ಆರ್, ವೈ, ಬಿ ಮೂರೂ ಫೇಸುಗಳಲ್ಲಿ ಒಂದೇ ತರಹದ ಸಾಮಾನು ಇರುವುದರಿಂದ ಮೂರು ಸಲ ಬರೆಯುವ ಬದಲು ಒಂದು ಸಲ ಬರೆಯುತ್ತಾರೆ. ಗೆರೆಯ ಮೇಲೆ ಓರೆಯಾಗಿ ಮೂರು ಸಣ್ಣ ಗೀಟುಗಳಿದ್ದರೆ ಮೂರು ಫೇಸು ಎಂದರ್ಥ. ನ್ಯೂಟ್ರಲ್ ಕೂಡ ಇದ್ದರೆ ನಾಲ್ಕನೆಯ ಗೀಟು ಬರುತ್ತದೆ, ಇಲ್ಲವೇ ಒಂದೇ ಗೀಟಿನ ಪಕ್ಕ 4 ಎಂದು ಬರೆದಿರುತ್ತದೆ. ಯಾವ ವೈರು ಯಾವ ಟರ್ಮಿನಲ್‌ಗೆ ಹೋಗುತ್ತದೆ ಎಂಬುದನ್ನು ಈ ಹಾಳೆಯಲ್ಲಿ ಹುಡುಕಬೇಡಿ. ಅದಕ್ಕೆ ವೈರಿಂಗ್ ಡಯಾಗ್ರಾಂ ಬೇರೆ ಇರುತ್ತದೆ. ಪ್ಯಾನೆಲ್ ಎಲ್ಲಿ ನಿಲ್ಲುತ್ತದೆ, ಕೇಬಲ್ ಯಾವ ಗೋಡೆ ಬಳಸಿ ಬರುತ್ತದೆ ಎಂಬುದೂ ಇಲ್ಲಿರುವುದಿಲ್ಲ, ಅದು ಲೇಔಟ್ ಡ್ರಾಯಿಂಗಿನ ಕೆಲಸ. ಕರೆಂಟು ಯಾವ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ತಡೆಯಬಹುದು ಎಂಬುದನ್ನಷ್ಟೇ ಎಸ್‌ಎಲ್‌ಡಿ ತೋರಿಸುತ್ತದೆ.

ಓದಲು ಎಲ್ಲಿಂದ ಶುರು ಮಾಡಬೇಕು?

ಮೇಲಿನಿಂದ ಕೆಳಕ್ಕೆ, ಅಂದರೆ ಬೆಸ್ಕಾಂ ಕಂಬದಿಂದ ಕೋಣೆಯ ಡಿಸ್ಟ್ರಿಬ್ಯೂಷನ್ ಬೋರ್ಡ್, ಅಂದರೆ ಡಿಬಿಯ ಕಡೆಗೆ. ಅದಕ್ಕೂ ಮೊದಲು ಹಾಳೆಯ ಬಲ ಮೂಲೆಯ ರಿವಿಷನ್ ನಂಬರ್ ನೋಡಿ. ವಿದ್ಯುತ್ ಪರಿವೀಕ್ಷಣಾಲಯದಿಂದ ಒಪ್ಪಿಗೆಯಾಗಿ ಬಂದ ಹಾಳೆ ಒಂದು, ಕಂಟ್ರಾಕ್ಟರ್ ಕೈಯಲ್ಲಿರುವ ಹಾಳೆ ಇನ್ನೊಂದು ಆಗಿರುವುದು ಅಪರೂಪವೇನಲ್ಲ. ಆಮೇಲೆ ಚಿಹ್ನೆಗಳ ಪಟ್ಟಿಯ ಮೇಲೆ ಕಣ್ಣಾಡಿಸಿ. ಐಇಸಿ 60617 ಎಂಬ ಮಾನದಂಡವಿದ್ದರೂ ಪ್ರತಿ ಡ್ರಾಯಿಂಗ್ ಆಫೀಸಿಗೂ ಒಂದಿಷ್ಟು ಸ್ವಂತ ರೂಢಿಗಳಿರುತ್ತವೆ. ಕೆಲವರು ಬ್ರೇಕರನ್ನು ಬರಿಯ ಚೌಕವಾಗಿ ಬರೆದುಬಿಡುತ್ತಾರೆ.

ಸ್ವಿಚ್ಚಿನಂತೆ ಕಾಣುವ ಗುರುತುಗಳೆಲ್ಲ ಒಂದೇ ತರಹ ಇವೆ. ವ್ಯತ್ಯಾಸ ಎಲ್ಲಿದೆ?

ಓರೆಯಾಗಿ ತೆರೆದ ಕಡ್ಡಿ ಎಲ್ಲದರಲ್ಲೂ ಇರುತ್ತದೆ, ಅದನ್ನು ಬಿಟ್ಟು ಕಡ್ಡಿ ಹೋಗಿ ಮುಟ್ಟುವ ತುದಿಯನ್ನು ನೋಡಿ. ಅಲ್ಲಿ ಗುಣಾಕಾರದ ಗುರುತಿದ್ದರೆ ಅದು ಸರ್ಕ್ಯೂಟ್ ಬ್ರೇಕರ್: ಶಾರ್ಟ್ ಆದಾಗಿನ ಕರೆಂಟನ್ನೂ ಕತ್ತರಿಸಬಲ್ಲದು. ಅಡ್ಡ ಗೀಟು ಮಾತ್ರ ಇದ್ದರೆ ಐಸೊಲೇಟರ್: ಲೋಡ್ ಇಲ್ಲದಾಗ ಮಾತ್ರ ತೆಗೆಯಬೇಕು. ಅಡ್ಡ ಗೀಟಿನ ಜೊತೆ ಪುಟ್ಟ ಸೊನ್ನೆಯೂ ಇದ್ದರೆ ಲೋಡ್ ಬ್ರೇಕ್ ಸ್ವಿಚ್: ದಿನನಿತ್ಯದ ಲೋಡ್ ಕರೆಂಟನ್ನು ಕತ್ತರಿಸುತ್ತದೆ, ಶಾರ್ಟ್ ಕರೆಂಟನ್ನು ಕತ್ತರಿಸಲಾರದು. ಅದಕ್ಕೇ ಅದರ ಜೊತೆ ಉದ್ದ ಚೌಕದೊಳಗೆ ಗೆರೆ ಹಾದುಹೋಗುವ ಗುರುತು, ಅಂದರೆ ಫ್ಯೂಸ್, ಸಾಮಾನ್ಯವಾಗಿ ಕಾಣುತ್ತದೆ.

ಈ ವ್ಯತ್ಯಾಸ ಪರೀಕ್ಷೆಯ ಅಂಕಕ್ಕಷ್ಟೇ ಬೇಕಾದದ್ದಲ್ಲ. ಐಸೊಲೇಟರನ್ನು ಲೋಡ್ ಮೇಲೆ ಎಳೆದರೆ ಬ್ಲೇಡುಗಳ ನಡುವೆ ಕಿಡಿ ಎದ್ದು ನಿಂತುಬಿಡುತ್ತದೆ, ಎಳೆದವರ ಕೈ ಮುಖ ಸುಡುತ್ತದೆ. ಕಂಬದ ಮೇಲಿನ ಐಸೊಲೇಟರ್, ಅಂದರೆ ಜಿಒಎಸ್ ತೆಗೆಯುವ ಮೊದಲು ಕೆಳಗಿನ ಬ್ರೇಕರ್ ತೆಗೆಯಿರಿ ಎಂದು ಲೈನ್‌ಮನ್ ಹೇಳುವುದು ಇದೇ ಕಾರಣಕ್ಕೆ.

ಬ್ರೇಕರಿನ ಮೇಲೆ ಕೆಳಗೆ ಬಾಣದ ಮೂತಿಯಂತೆ ಎರಡೆರಡು ಗುರುತುಗಳಿದ್ದರೆ ಅದು ಡ್ರಾ-ಔಟ್ ಮಾದರಿ. ಪ್ಯಾನೆಲ್ ಆಫ್ ಮಾಡದೆ ಬ್ರೇಕರನ್ನು ಹೊರಗೆಳೆದು ಸರ್ವಿಸ್ ಮಾಡಬಹುದು.

ಮೀಟರಿಂಗ್‌ನಲ್ಲಿ 15/5 ಎಂದಿದೆ. ಬಿಲ್ಲಿಗೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧವೇ ಇದೆ. 250 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿ 11 ಕೆವಿ ಕಡೆಯಿಂದ ಸುಮಾರು 13.1 ಆಂಪಿಯರ್ ಎಳೆಯುತ್ತದೆ. ಅದಕ್ಕೆ 15 ಆಂಪಿಯರ್‌ನ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ ಸರಿಹೊಂದುತ್ತದೆ. ಸಿಟಿ ಆ ಕರೆಂಟನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ, ಪೊಟೆನ್ಶಿಯಲ್ ಟ್ರಾನ್ಸ್‌ಫಾರ್ಮರ್, ಅಂದರೆ ಪಿಟಿ ವೋಲ್ಟೇಜನ್ನು ನೂರನೇ ಒಂದು ಭಾಗಕ್ಕೆ ಇಳಿಸುತ್ತದೆ. ಮೀಟರ್ ಕಾಣುವುದು ಈ ಸಣ್ಣ ಪಾಲನ್ನು ಮಾತ್ರ. ಹಾಗಾಗಿ ಮೀಟರ್ ರೀಡಿಂಗನ್ನು 3 ಗುಣಿಸು 100, ಅಂದರೆ 300ರಿಂದ ಗುಣಿಸಿದರೆ ನಿಜವಾದ ಯೂನಿಟ್ ಸಿಗುತ್ತದೆ.

ಎಡವಟ್ಟು ಆಗುವುದು ಲೋಡ್ ಹೆಚ್ಚಿಸಿಕೊಂಡಾಗ. ಟ್ರಾನ್ಸ್‌ಫಾರ್ಮರ್ 500 ಕೆವಿಎ ಆದರೆ ಕರೆಂಟು 26 ಆಂಪಿಯರ್ ದಾಟುತ್ತದೆ, ಸಿಟಿಯನ್ನು 30/5ಕ್ಕೆ ಬದಲಿಸಬೇಕಾಗುತ್ತದೆ. ಆಗ ಗುಣಕವೂ 600 ಆಗಬೇಕು. ಅದನ್ನು ತಿದ್ದದೆ ಬಿಟ್ಟರೆ ಬಿಲ್ಲು ಅರ್ಧಕ್ಕೆ ಬರುತ್ತದೆ. ಸಂತೋಷಪಡುವಂತಿಲ್ಲ, ಲೆಕ್ಕ ಸಿಕ್ಕಿದ ದಿನ ಬಾಕಿ ಒಟ್ಟಿಗೆ ಬರುತ್ತದೆ. ಹೊಸ ಎಸ್‌ಎಲ್‌ಡಿ ಬಂದ ಕೂಡಲೇ ಸಿಟಿ ಅನುಪಾತವನ್ನು ಬಿಲ್ಲಿನಲ್ಲಿರುವ ಗುಣಕದ ಜೊತೆ ತಾಳೆ ನೋಡುವುದು ಎರಡು ನಿಮಿಷದ ಕೆಲಸ.

ಹರಿಯುವುದು 13 ಆಂಪಿಯರ್. ಹಾಗಿರುವಾಗ 630 ಆಂಪಿಯರ್‌ನ ವಿಸಿಬಿ ಯಾಕೆ? ದುಡ್ಡು ದಂಡವಲ್ಲವೇ?

11 ಕೆವಿ ಬ್ರೇಕರುಗಳು ಮಾರುಕಟ್ಟೆಯಲ್ಲಿ ಸಿಗುವುದೇ ಅಂಥ ದೊಡ್ಡ ಅಳತೆಗಳಲ್ಲಿ. 20 ಆಂಪಿಯರ್‌ನ ವಿಸಿಬಿಯನ್ನು ಯಾರೂ ಮಾಡುವುದಿಲ್ಲ. ಇಲ್ಲಿ ನಿಮಗೆ ಕೆಲಸಕ್ಕೆ ಬರುವ ಅಂಕಿ 25 ಕಿಲೋ ಆಂಪಿಯರ್. ಬೆಸ್ಕಾಂ ಕಡೆಯಿಂದ ಆ ಜಾಗದಲ್ಲಿ ಬರಬಹುದಾದ ಅತಿ ದೊಡ್ಡ ಶಾರ್ಟ್ ಕರೆಂಟು ಅದಕ್ಕಿಂತ ಕಡಿಮೆ ಇರಬೇಕು. ಇನ್ನು ಈ ಬ್ರೇಕರ್ ಎಷ್ಟು ಆಂಪಿಯರ್‌ಗೆ ಟ್ರಿಪ್ ಆಗಬೇಕು ಎಂಬುದನ್ನು 630 ಎನ್ನುವ ಅಂಕಿ ನಿರ್ಧರಿಸುವುದಿಲ್ಲ, ಕರೆಂಟು ನೋಡಿ ಬ್ರೇಕರಿಗೆ ಬೀಳು ಎಂದು ಹೇಳುವ ಪಕ್ಕದ ರಿಲೇ ಮತ್ತು ಅದರ ಸಿಟಿ ನಿರ್ಧರಿಸುತ್ತವೆ. ಅದರ ಮಾತು ಮುಂದೆ ಇದೆ.

ಟ್ರಾನ್ಸ್‌ಫಾರ್ಮರಿನಲ್ಲಿ 433 ವೋಲ್ಟ್, ಪ್ಯಾನೆಲ್‌ನಲ್ಲಿ 415 ವೋಲ್ಟ್. ಯಾವುದು ತಪ್ಪು?

ಎರಡೂ ಸರಿ. 433 ಎಂಬುದು ಲೋಡ್ ಇಲ್ಲದಾಗಿನ ವೋಲ್ಟೇಜು. ಲೋಡ್ ಬಿದ್ದಂತೆ ಟ್ರಾನ್ಸ್‌ಫಾರ್ಮರಿನೊಳಗೇ ಸ್ವಲ್ಪ ಇಳಿಯುತ್ತದೆ, ಆ ಇಳಿತಕ್ಕೆಂದೇ ಮೊದಲೇ ಮೇಲಿಟ್ಟಿರುತ್ತಾರೆ. 433 ಇದ್ದಾಗ ಫೇಸಿಗೂ ನ್ಯೂಟ್ರಲಿಗೂ ನಡುವೆ 250 ವೋಲ್ಟ್ ಇರುತ್ತದೆ. ಮದುವೆಯಿಲ್ಲದ ದಿನ ಮಂಟಪದಲ್ಲಿ ವೋಲ್ಟೇಜು ಜಾಸ್ತಿ ತೋರಿಸುತ್ತದೆ ಎಂಬ ದೂರು ಬಂದರೆ ಮೊದಲು ಇದನ್ನು ನೆನೆದು, ಆಮೇಲೆ ಟ್ಯಾಪ್ ಸ್ವಿಚ್ ಯಾವ ಸ್ಥಾನದಲ್ಲಿದೆ ನೋಡಿ.

ಎರಡು ಉಂಗುರಗಳು ಒಂದರ ಮೇಲೊಂದು ಕೂತಿರುವುದೇ ಟ್ರಾನ್ಸ್‌ಫಾರ್ಮರಿನ ಗುರುತು. Dyn11 ಎಂಬುದರಲ್ಲಿ D ಎಂದರೆ 11 ಕೆವಿ ಕಡೆ ಡೆಲ್ಟಾ, y ಎಂದರೆ ಕೆಳಗಿನ ಕಡೆ ಸ್ಟಾರ್, n ಎಂದರೆ ಸ್ಟಾರಿನ ನಡುಬಿಂದು ಹೊರಗೆ ಬಂದಿದೆ. 11 ಎಂಬುದು ಗಡಿಯಾರದ ಗಂಟೆ: ಕೆಳಗಿನ ವೋಲ್ಟೇಜು ಮೇಲಿನದಕ್ಕಿಂತ 30 ಡಿಗ್ರಿ ಮುಂದಿದೆ. ಒಂದೇ ಟ್ರಾನ್ಸ್‌ಫಾರ್ಮರ್ ಇರುವ ಕಟ್ಟಡದಲ್ಲಿ ಈ ಗಂಟೆಯಿಂದ ಏನೂ ಆಗಬೇಕಾದ್ದಿಲ್ಲ. ಎರಡನ್ನು ಪ್ಯಾರಲಲ್ ಮಾಡುವಾಗ ಎರಡರದ್ದೂ ಒಂದೇ ಗಂಟೆ ಇರಲೇಬೇಕು. n ಅಕ್ಷರ ಮಾತ್ರ ನಮಗೂ ಬೇಕಾದದ್ದು. ಆ ನಡುಬಿಂದುವಿನಿಂದ ಭೂಮಿಗೆ ಎರಡು ಬೇರೆ ಬೇರೆ ಗೆರೆಗಳು, ಎರಡು ಬೇರೆ ಅರ್ಥ್ ಪಿಟ್‌ಗಳಿಗೆ ಇಳಿದಿರಬೇಕು. ಟ್ರಾನ್ಸ್‌ಫಾರ್ಮರ್ ಬಾಡಿಗೆ ಇನ್ನೆರಡು. ಹಾಳೆಯಲ್ಲಿ ನ್ಯೂಟ್ರಲಿಗೆ ಒಂದೇ ಗೆರೆ ಕಂಡರೆ ಅಲ್ಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿ.

4.5% ಎಂಬ ಪುಟ್ಟ ಅಂಕಿಯಿಂದ ಏನು ತಿಳಿಯುತ್ತದೆ?

ನಮ್ಮ ಅಭಿಪ್ರಾಯದಲ್ಲಿ ಇಡೀ ಹಾಳೆಯಲ್ಲಿ ಅತಿ ಹೆಚ್ಚು ಮಾತಾಡುವ ಅಂಕಿ ಇದೇ. ಟ್ರಾನ್ಸ್‌ಫಾರ್ಮರಿನ ಕೆಳಗಿನ ಟರ್ಮಿನಲ್‌ಗಳನ್ನು ಒಟ್ಟಿಗೆ ಕಟ್ಟಿ, ಮೇಲಿನ ಕಡೆಯಿಂದ ನಿಧಾನವಾಗಿ ವೋಲ್ಟೇಜು ಏರಿಸುತ್ತಾ ಹೋದರೆ, ಪೂರ್ತಿ ಲೋಡ್ ಕರೆಂಟು ಹರಿಯಲು 11 ಕೆವಿಯ 4.5 ಶೇಕಡಾ ಸಾಕಾಗುತ್ತದೆ ಎಂದು ಇದರ ಅರ್ಥ. ತಿರುಗಿಸಿ ಹೇಳಿದರೆ, ಪೂರ್ತಿ 11 ಕೆವಿ ಇರುವಾಗ ಕೆಳಗೆ ಶಾರ್ಟ್ ಆದರೆ ಪೂರ್ತಿ ಲೋಡಿನ 22 ಪಟ್ಟು ಕರೆಂಟು ನುಗ್ಗುತ್ತದೆ.

```
I   = 250000 / (1.732 x 433) = 333 A
Isc = 333 / 0.045           = 7400 A
```

ಅಂದರೆ ಎಲ್ಲ ಬ್ರೇಕರುಗಳಿಗೂ ಕರೆಂಟು ಹಂಚುವ ಪ್ಯಾನೆಲ್ ಬಸ್‌ಬಾರ್ ಹತ್ತಿರ 7.4 ಕಿಲೋ ಆಂಪಿಯರ್. ಈ ಲೆಕ್ಕದಲ್ಲಿ ಬೆಸ್ಕಾಂ ಲೈನಿನ ಇಂಪೀಡೆನ್ಸ್ ಸೇರಿಸಿಲ್ಲ. ಸೇರಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ, ಹಾಗಾಗಿ ಬ್ರೇಕರ್ ಆರಿಸಲು ಇಷ್ಟು ಲೆಕ್ಕ ಧಾರಾಳ. ಈಗ ಕೆಳಗಿನ ಸಾಲುಗಳಿಗೆ ಬನ್ನಿ. ಪ್ಯಾನೆಲ್‌ಗೆ ಕರೆಂಟು ಒಳಬರುವ ಬ್ರೇಕರ್, ಅಂದರೆ ಇನ್‌ಕಮರ್ 36 ಕಿಲೋ ಆಂಪಿಯರ್, ಬಸ್ 25, ಅಡುಗೆ ಮನೆ ಬ್ರೇಕರ್ 25. ಮೂರೂ 7.4ಕ್ಕಿಂತ ಎಷ್ಟೋ ಮೇಲಿವೆ. ಬಸ್‌ನ 25 ಕಿಲೋ ಆಂಪಿಯರ್ ಪಕ್ಕದಲ್ಲಿ 1 ಸೆಕೆಂಡ್ ಎಂದಿರುವುದು, ಅಷ್ಟು ಹೊತ್ತು ಆ ಕರೆಂಟಿನ ಬಿಸಿಗೂ ಎಳೆತಕ್ಕೂ ಬಸ್‌ಬಾರ್ ಬಾಗದೆ ನಿಲ್ಲುತ್ತದೆ ಎಂದು.

ಬ್ರೇಕರ್ ಮೇಲೆ 400 ಆಂಪಿಯರ್ ಎಂದೂ ಇದೆ, 36 ಕಿಲೋ ಆಂಪಿಯರ್ ಎಂದೂ ಇದೆ. ಯಾವುದಕ್ಕೆ ಟ್ರಿಪ್ ಆಗುತ್ತದೆ?

36 ಕಿಲೋ ಆಂಪಿಯರ್‌ಗೆ ಟ್ರಿಪ್ ಆಗುತ್ತದೆ ಎಂದು ತಿಳಿದವರು ಇಂಜಿನಿಯರಿಂಗ್ ಮುಗಿಸಿದವರಲ್ಲೂ ಇದ್ದಾರೆ. 400 ಎಂಬುದು ದಿನವಿಡೀ ಹೊರಬಹುದಾದ ಕರೆಂಟು. ಅದರ ಮೇಲೆ ಹೋದರೆ ಬಿಸಿಯ ಲೆಕ್ಕದಲ್ಲಿ ನಿಧಾನವಾಗಿ, ಸಾಮಾನ್ಯವಾಗಿ ಹತ್ತು ಪಟ್ಟಿನ ಸುತ್ತ ಹೋದರೆ ಕ್ಷಣದಲ್ಲಿ ಟ್ರಿಪ್ ಆಗುತ್ತದೆ. 36 ಕಿಲೋ ಆಂಪಿಯರ್ ಎಂಬುದು ಅದು ಸಿಡಿಯದೆ ಕತ್ತರಿಸಬಲ್ಲ ಗರಿಷ್ಠ ಕರೆಂಟು. ಒಂದು ಪ್ರತಿದಿನದ ಅಂಕಿ, ಇನ್ನೊಂದು ಕೆಟ್ಟ ದಿನದ ಅಂಕಿ.

ಕೆಟ್ಟ ದಿನದ ಅಂಕಿಯಲ್ಲೂ ಎರಡು ಬಗೆ ಇದೆ. ಕ್ಯಾಟಲಾಗಿನಲ್ಲಿ Icu ಎಂದಿದ್ದರೆ ಅಷ್ಟನ್ನು ಕತ್ತರಿಸಿದ ಮೇಲೆ ಬ್ರೇಕರ್ ಮತ್ತೆ ಕೆಲಸಕ್ಕೆ ಬರುತ್ತದೆ ಎಂಬ ಭರವಸೆ ಇಲ್ಲ. Ics ಎಂದಿದ್ದರೆ ಕತ್ತರಿಸಿಯೂ ಸೇವೆಯಲ್ಲಿ ಮುಂದುವರಿಯಬಹುದು. Ics ಅನ್ನು Icuನ ಶೇಕಡಾವಾರಿನಲ್ಲಿ ಕೊಡುತ್ತಾರೆ, ಅಗ್ಗದ ಬ್ರೇಕರುಗಳಲ್ಲಿ ಅದು 50 ಶೇಕಡಾ ಇರುವುದುಂಟು. ಹಾಳೆಯಲ್ಲಿ ಬರೀ 25 ಕಿಲೋ ಆಂಪಿಯರ್ ಎಂದಿದ್ದರೆ ಯಾವುದೆಂದು ಕೇಳಿ ಬರೆಸಿಕೊಳ್ಳಿ.

ಅಡುಗೆ ಮನೆಯ ಕೇಬಲ್ ಸಾಲನ್ನು ಬಿಡಿಸಿ ಹೇಳುತ್ತೀರಾ?

A2XFY: A ಅಲ್ಯೂಮಿನಿಯಂ ಎಳೆ, 2X ಎಕ್ಸ್‌ಎಲ್‌ಪಿಇ ಇನ್ಸುಲೇಷನ್, F ಚಪ್ಪಟೆ ಪಟ್ಟಿಯ ಆರ್ಮರ್, Y ಹೊರಗಿನ ಪಿವಿಸಿ ಹೊದಿಕೆ. F ಬದಲು W ಇದ್ದರೆ ದುಂಡು ತಂತಿಯ ಆರ್ಮರ್. ಮೂರೂವರೆ ಕೋರ್ ಎಂದರೆ ಮೂರು ಫೇಸುಗಳು 50 ಚದರ ಮಿಲಿಮೀಟರ್, ನ್ಯೂಟ್ರಲ್ ಅದರ ಅರ್ಧ, 25. ಕೆಲವು ಕಡೆ ಮುಂದೆ 2R ಎಂದು ಇರುತ್ತದೆ, ಅಂದರೆ ಅಂಥವು ಎರಡು ಜೊತೆಯಾಗಿ ಎಳೆದಿವೆ.

ಈಗ ಬ್ರೇಕರಿನ ಪಕ್ಕ ಇಟ್ಟು ನೋಡಿ. ಈ ಕೇಬಲ್ ಗಾಳಿಯಲ್ಲಿ ಒಂಟಿಯಾಗಿದ್ದರೆ ಸುಮಾರು 130 ಆಂಪಿಯರ್ ಹೊರುತ್ತದೆ. ಆದರೆ ಟ್ರೇಯಲ್ಲಿ ಅದು ಒಂಟಿಯಾಗಿರುವುದಿಲ್ಲ, ಪಕ್ಕದಲ್ಲಿ ಎ.ಸಿ., ಲಿಫ್ಟ್, ದೀಪಗಳ ಕೇಬಲ್‌ಗಳು ಒತ್ತಿಕೊಂಡು ಮಲಗಿರುತ್ತವೆ. ಒತ್ತಾಗಿ ಇಟ್ಟದ್ದಕ್ಕೆ 0.8ರಿಂದ ಗುಣಿಸಿದರೆ ಉಳಿಯುವುದು 104 ಆಂಪಿಯರ್. ಬ್ರೇಕರ್ 125. ಅಂದರೆ 120 ಆಂಪಿಯರ್ ಹರಿಯುತ್ತಿದ್ದರೆ ಬ್ರೇಕರ್ ಸುಮ್ಮನಿರುತ್ತದೆ, ಕೇಬಲ್ ಒಳಗೊಳಗೇ ಬೇಯುತ್ತದೆ. ಮದುವೆ ದಿನ ಬೆಳಗಿನ ಜಾವದಿಂದ ಗ್ರೈಂಡರ್, ಬಾಯ್ಲರ್, ಎಕ್ಸಾಸ್ಟ್ ಎಲ್ಲ ಒಟ್ಟಿಗೆ ಓಡುವ ಕಡೆ ಇದು ಕಲ್ಪನೆಯ ಮಾತಲ್ಲ. ಪರಿಹಾರ ಸುಲಭ: 125ರ ಬ್ರೇಕರಿನ ಥರ್ಮಲ್ ಡಯಲನ್ನು 0.8ಕ್ಕೆ ಇಡುವುದು, ಅಂದರೆ 100 ಆಂಪಿಯರ್. ಒಳ್ಳೆಯ ಎಸ್‌ಎಲ್‌ಡಿಯಲ್ಲಿ ಇದನ್ನು Ir = 100 A ಎಂದು ಬರೆದಿರುತ್ತಾರೆ. ನಮ್ಮ ಹಾಳೆಯಲ್ಲಿ ಬರೆದಿಲ್ಲ. ಬರೆಯದಿದ್ದರೆ ಪ್ಯಾನೆಲ್ ಬಂದ ದಿನ ಡಯಲ್ ಎಲ್ಲಿತ್ತೋ ಅಲ್ಲೇ ಇರುತ್ತದೆ, ಹೆಚ್ಚಾಗಿ 1.0ರ ಮೇಲೆ.

60 ಮೀಟರ್ ಎಂಬ ಉದ್ದವನ್ನು ಯಾಕೆ ಬರೆಯುತ್ತಾರೆ? ಬರೀ ವೋಲ್ಟೇಜ್ ಡ್ರಾಪ್‌ಗಾ?

ವೋಲ್ಟೇಜ್ ಡ್ರಾಪ್‌ಗೂ ಹೌದು. ಅದಕ್ಕಿಂತ ದೊಡ್ಡ ಕಾರಣ ಶಾರ್ಟ್ ಕರೆಂಟು. 50 ಚದರದ ಅಲ್ಯೂಮಿನಿಯಂ ಒಂದು ಕಿಲೋಮೀಟರಿಗೆ 0.641 ಓಮ್. 60 ಮೀಟರಿಗೆ 0.038 ಓಮ್ ಎಂದರೆ ಏನೂ ಇಲ್ಲ ಎನಿಸುತ್ತದೆ. ಆದರೆ ನಮ್ಮ ಟ್ರಾನ್ಸ್‌ಫಾರ್ಮರಿನ ಇಡೀ ಇಂಪೀಡೆನ್ಸೇ 0.034 ಓಮ್! ಕೇಬಲ್ ಅದಕ್ಕಿಂತ ಹೆಚ್ಚು. ಎರಡನ್ನೂ ಸೇರಿಸಿದಾಗ ಅಡುಗೆ ಮನೆಯ ಡಿಬಿಯಲ್ಲಿ ಮೂರೂ ಫೇಸು ಶಾರ್ಟ್ ಆದರೆ ಹರಿಯುವುದು ಸುಮಾರು 4.1 ಕಿಲೋ ಆಂಪಿಯರ್ ಮಾತ್ರ. ಅಲ್ಲಿನ ಎಂಸಿಬಿಗಳಿಗೆ 10 ಕಿಲೋ ಆಂಪಿಯರ್ ಇದ್ದರೆ ನೆಮ್ಮದಿ.

ಇಷ್ಟೇ ಆಗಿದ್ದರೆ ಖುಷಿ ಪಡಬಹುದಿತ್ತು. ಆದರೆ ಒಂದು ಫೇಸು ನ್ಯೂಟ್ರಲಿಗೆ ತಾಗಿದರೆ ಕರೆಂಟು ವಾಪಸ್ ಬರಬೇಕಾದದ್ದು ಆ ಅರ್ಧ ಕೋರಿನಲ್ಲಿ. 25 ಚದರದ ಎಳೆ ಕಿಲೋಮೀಟರಿಗೆ 1.20 ಓಮ್. ಆ ದಾರಿಯ ಲೆಕ್ಕ ಹಾಕಿದರೆ ಕರೆಂಟು ಸುಮಾರು 2 ಕಿಲೋ ಆಂಪಿಯರ್‌ಗೆ ಇಳಿಯುತ್ತದೆ. ಕೇಬಲ್ ಬಿಸಿಯಾಗಿದ್ದರೆ ಇನ್ನೂ ಕಡಿಮೆ. 125ರ ಬ್ರೇಕರ್ ಕ್ಷಣದಲ್ಲಿ ಟ್ರಿಪ್ ಆಗಲು ಹತ್ತು ಪಟ್ಟು, 1250 ಆಂಪಿಯರ್ ಬೇಕು. 2000 ಇದೆ, ಟ್ರಿಪ್ ಆಗುತ್ತದೆ. ಬೆಸ್ಕಾಂ ಕರೆಂಟು ಇರುವವರೆಗೆ ತೊಂದರೆ ಇಲ್ಲ.

ಜನರೇಟರ್ ಓಡುವಾಗಲೂ ಇದೇ ಲೆಕ್ಕವೇ?

ಅಲ್ಲ. ಎಸ್‌ಎಲ್‌ಡಿ ಓದುವವರು ಹೆಚ್ಚಾಗಿ ಎಡವುವ ಜಾಗ ಇದು. ವೃತ್ತದೊಳಗೆ G ಎಂಬ ಗುರುತು ಬಸ್‌ನ ಇನ್ನೊಂದು ತುದಿಯಲ್ಲಿ ಪಾಪದ ಹಾಗೆ ಕೂತಿರುತ್ತದೆ, ಅದು ಟ್ರಾನ್ಸ್‌ಫಾರ್ಮರಿನ ಬದಲಿ ಎಂದು ಓದಿಬಿಡುತ್ತೇವೆ. ಲೋಡ್ ಹೊರುವುದಕ್ಕೆ ಬದಲಿ ಹೌದು. ಶಾರ್ಟ್ ಕರೆಂಟು ಕೊಡುವುದರಲ್ಲಿ ಹತ್ತಿರಕ್ಕೂ ಬರುವುದಿಲ್ಲ.

125 ಕೆವಿಎ ಸೆಟ್ 415 ವೋಲ್ಟಿನಲ್ಲಿ ಕೊಡುವುದು 174 ಆಂಪಿಯರ್. ಅದರ ಸಬ್‌ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್, ಅಂದರೆ ಶಾರ್ಟ್ ಆದ ಮೊದಲ ಕ್ಷಣದಲ್ಲಿ ಅದು ಒಡ್ಡುವ ತಡೆ, ಆಲ್ಟರ್ನೇಟರ್ ಕಂಪನಿಯ ಡೇಟಾ ಶೀಟಿನಲ್ಲಿರುತ್ತದೆ, 12 ಶೇಕಡಾ ಎಂದುಕೊಳ್ಳೋಣ.

```
Isc (DG, first cycle) = 174 / 0.12 = 1450 A
```

ಸೆಟ್ಟಿನ ಟರ್ಮಿನಲ್‌ನಲ್ಲೇ ಶಾರ್ಟ್ ಆದರೂ 1450 ಆಂಪಿಯರ್, ಅದೂ ಮೊದಲ ಒಂದೆರಡು ಸೈಕಲ್ ಮಾತ್ರ. ಆಮೇಲೆ ಇಳಿಯುತ್ತದೆ. ಎಕ್ಸೈಟೇಷನ್ ಒಳ್ಳೆಯದಿದ್ದರೆ ಪೂರ್ತಿ ಲೋಡಿನ ಮೂರು ಪಟ್ಟಿನ ಸುತ್ತ ಕೆಲವು ಸೆಕೆಂಡ್ ನಿಲ್ಲುತ್ತದೆ, ಇಲ್ಲದಿದ್ದರೆ ವೋಲ್ಟೇಜು ಕುಸಿದು ಕರೆಂಟೂ ಕುಸಿಯುತ್ತದೆ. ಅಡುಗೆ ಮನೆಯಲ್ಲಿ ಫೇಸು ನ್ಯೂಟ್ರಲಿಗೆ ತಾಗಿದರೆ ಮೊದಲ ಸೈಕಲ್‌ನಲ್ಲಿ 1200ರ ಸುತ್ತ, ನಂತರ 500ರ ಸುತ್ತ. ನಮ್ಮ ಬ್ರೇಕರ್ ಕಾಯುತ್ತಿರುವುದು 1250ಕ್ಕೆ. ಆ ಅಂಕಿಗೂ 20 ಶೇಕಡಾ ಆಚೀಚೆ ಇರುತ್ತದೆ. ಹಾಗಾಗಿ ಕ್ಷಣದಲ್ಲಿ ಟ್ರಿಪ್ ಆಗುತ್ತದೆಂದು ನಂಬುವಂತಿಲ್ಲ. ಉಳಿಯುವುದು ಥರ್ಮಲ್ ಟ್ರಿಪ್, ಅದಕ್ಕೆ ಹತ್ತಾರು ಸೆಕೆಂಡ್ ಬೇಕು. ಅಷ್ಟರಲ್ಲಿ ಸೆಟ್ ಗುರ್‌ರೆನ್ನುತ್ತಾ ಇಡೀ ಮಂಟಪದ ದೀಪ ಮಂಕಾಗಿ ಸೆಟ್ಟೇ ನಿಂತುಹೋಗುತ್ತದೆ.

ಲಕ್ಷಣ ಇದೇ: ಬೆಸ್ಕಾಂ ಮೇಲಿದ್ದಾಗ ಅಡುಗೆ ಮನೆಯ ಬ್ರೇಕರ್ ಮಾತ್ರ ಬೀಳುತ್ತದೆ, ಡಿ.ಜಿ. ಮೇಲಿದ್ದಾಗ ಇಡೀ ಸೆಟ್ ಬೀಳುತ್ತದೆ. ಸೆಟ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸುತ್ತಾರೆ, ಅವರು ಫಿಲ್ಟರ್ ಬದಲಿಸಿ ಹೋಗುತ್ತಾರೆ. ಮಾಡಬೇಕಾದದ್ದು ಅಡುಗೆ ಮನೆ ಬ್ರೇಕರಿನ ಮ್ಯಾಗ್ನೆಟಿಕ್ ಸೆಟ್ಟಿಂಗನ್ನು ಐದು ಪಟ್ಟಿಗೆ, ಅಂದರೆ 625 ಆಂಪಿಯರ್‌ಗೆ ಇಳಿಸುವುದು. ಆಗ ಮೊದಲ ಸೈಕಲ್‌ನ 1200 ಅದನ್ನು ಬೀಳಿಸುತ್ತದೆ. ಇಳಿಸುವ ಮೊದಲು ಅಲ್ಲಿನ ಅತಿ ದೊಡ್ಡ ಮೋಟಾರು ಸ್ಟಾರ್ಟ್ ಆಗುವಾಗಿನ ಕರೆಂಟು, ಉಳಿದ ಲೋಡ್ ಸೇರಿ, 625ನ್ನು ಮುಟ್ಟುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಮ್ಯಾಗ್ನೆಟಿಕ್ ಸೆಟ್ಟಿಂಗ್ ಬದಲಿಸಲಾಗದ ಸಾದಾ ಬ್ರೇಕರ್ ಹಾಕಿದ್ದರೆ ಈ ದಾರಿ ಮುಚ್ಚಿದಂತೆ. ಎಸ್‌ಎಲ್‌ಡಿ ಹಂತದಲ್ಲೇ ಇದನ್ನು ನೋಡಬೇಕು ಎನ್ನುವುದು ಅದಕ್ಕೇ.

ಇನ್‌ಕಮರ್ 4P, ಅಡುಗೆ ಮನೆಯದ್ದು 3P. ಈ ತಾರತಮ್ಯ ಯಾಕೆ?

ಅಡುಗೆ ಮನೆಗೆ ಬರುವ ನ್ಯೂಟ್ರಲ್ ಒಂದೇ ಕಡೆಯಿಂದ, ಬಸ್‌ನಿಂದ ಬರುತ್ತದೆ. ಅದನ್ನು ಕತ್ತರಿಸುವ ಅಗತ್ಯವಿಲ್ಲ. ಇನ್‌ಕಮರ್‌ಗಳ ಕಥೆ ಬೇರೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ನ್ಯೂಟ್ರಲ್ ಅರ್ಥಿಂಗ್ ಇದೆ, ಜನರೇಟರಿಗೂ ತನ್ನದೇ ಇರಬೇಕು. ಎರಡೂ ನ್ಯೂಟ್ರಲ್‌ಗಳು ಸದಾ ಬಸ್‌ನಲ್ಲಿ ಕೂಡಿಕೊಂಡಿದ್ದರೆ ಕರೆಂಟು ಎರಡೂ ಪಿಟ್‌ಗಳ ಮೂಲಕ ಸುತ್ತಾಡುತ್ತದೆ, ಅರ್ಥ್ ಫಾಲ್ಟ್ ಹಿಡಿಯುವ ರಿಲೇಗೆ ತಪ್ಪು ಲೆಕ್ಕ ಸಿಗುತ್ತದೆ. ಅದಕ್ಕೇ ನಾಲ್ಕೂ ಪೋಲ್ ಬೇಕು.

ಎರಡು ಇನ್‌ಕಮರ್‌ಗಳ ನಡುವೆ ಚುಕ್ಕೆ ಗೆರೆ ಕಾಣುತ್ತದಲ್ಲ, ಅದು ಇಂಟರ್‌ಲಾಕ್. ಒಂದು ಆನ್ ಇದ್ದಾಗ ಇನ್ನೊಂದು ಆನ್ ಆಗಬಾರದು. ಆ ಗೆರೆ ಇಲ್ಲದ ಹಾಳೆಯನ್ನು ಒಪ್ಪಬೇಡಿ. ಲೈನ್ ಸತ್ತಿದೆ ಎಂದು ಕಂಬ ಹತ್ತಿದ ಮನುಷ್ಯನ ಕಡೆಗೆ ನಿಮ್ಮ ಜನರೇಟರ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ 11 ಕೆವಿ ಕಳಿಸಬಲ್ಲದು.

ಚಿಕ್ಕ ವೃತ್ತಗಳಲ್ಲಿ 50, 51, 51N ಎಂದು ಬರೆದಿದೆ. ಅವೇನು?

ರಿಲೇ ಮಾಡುವ ಕೆಲಸಗಳ ಸಂಖ್ಯೆಗಳು. 50 ಎಂದರೆ ಕ್ಷಣದಲ್ಲಿ ಓವರ್ ಕರೆಂಟ್, 51 ಎಂದರೆ ಸಮಯ ತೆಗೆದುಕೊಂಡು, N ಸೇರಿದರೆ ಅರ್ಥ್ ಫಾಲ್ಟ್. 27 ವೋಲ್ಟೇಜು ಕಡಿಮೆ, 59 ಹೆಚ್ಚು, 86 ಟ್ರಿಪ್ ಆದ ಮೇಲೆ ಕೈಯಿಂದ ರಿಸೆಟ್ ಮಾಡುವವರೆಗೂ ಬಿಡದ ರಿಲೇ.

ಇಲ್ಲೂ ಸಿಟಿಯ ಜೊತೆ ತಾಳೆ ನೋಡಿ. ಪ್ಯಾನೆಲ್‌ನಲ್ಲಿ ಶಾರ್ಟ್ ಆದರೆ 11 ಕೆವಿ ಕಡೆ 291 ಆಂಪಿಯರ್ ಕಾಣುತ್ತದೆ. ಆ ಶಾರ್ಟನ್ನು ಕೆಳಗಿನ ಬ್ರೇಕರ್ ತೆಗೆಯಲಿ ಎಂದು 50ರ ಸೆಟ್ಟಿಂಗನ್ನು ಅದಕ್ಕಿಂತ ಮೇಲೆ, ಸುಮಾರು 380 ಆಂಪಿಯರ್‌ಗೆ ಇಡುತ್ತಾರೆ. ಆದರೆ ನಮ್ಮ ಪ್ರೊಟೆಕ್ಷನ್ ಸಿಟಿ 20/5, 5P10. ಕೊನೆಯ 10 ಹೇಳುವುದು, ಪೂರ್ತಿ ಬರ್ಡನ್, ಅಂದರೆ ಸಿಟಿಗೆ ಜೋಡಿಸಿದ ರಿಲೇ ಮತ್ತು ವೈರುಗಳ ಹೊರೆ, ಇದ್ದಾಗ ಹತ್ತು ಪಟ್ಟಿನವರೆಗೆ, ಅಂದರೆ 200 ಆಂಪಿಯರ್‌ವರೆಗೆ ಮಾತ್ರ ಅದರ ಮಾತು ನಂಬಬಹುದು. 380 ಬೇಕಾದದ್ದು 19 ಪಟ್ಟು. ಈಗಿನ ನ್ಯೂಮರಿಕಲ್ ರಿಲೇಗಳ ಬರ್ಡನ್ ತೀರಾ ಕಡಿಮೆ ಇರುವುದರಿಂದ ಸಿಟಿ ಇನ್ನೂ ಮೇಲಕ್ಕೆ ಹೋಗಬಲ್ಲದು, ಆದರೆ ಅದನ್ನು ಲೆಕ್ಕ ಮಾಡಿ ತೋರಿಸಬೇಕು. ಹೊಸದಾಗಿ ತರುವುದಾದರೆ 5P20 ಕೇಳುವುದು ಜಾಣತನ.

ಚಾವಣಿಯ ಸೋಲಾರ್ ಹಾಳೆಯಲ್ಲಿ ಎಲ್ಲಿ ಸೇರಿರಬೇಕು?

ಇನ್ವರ್ಟರಿನ ಗೆರೆ ಯಾವ ಬಸ್‌ಗೆ ಬಂದು ಸೇರಿದೆ ಎಂದು ನೋಡಿ. ಡಿ.ಜಿ. ಮೇಲೆ ಓಡುವ ಬಸ್‌ಗೇ ಸೇರಿದ್ದರೆ, ಮಧ್ಯಾಹ್ನ ಲೋಡ್ ಕಡಿಮೆಯಿದ್ದಾಗ ಸೋಲಾರಿನ ಹೆಚ್ಚುವರಿ ಕರೆಂಟು ಜನರೇಟರಿಗೆ ನುಗ್ಗುತ್ತದೆ. ಒಂದೋ ಡಿ.ಜಿ. ಆನ್ ಆದಾಗ ಸೋಲಾರ್ ಬ್ರೇಕರ್ ಬೀಳುವ ಇಂಟರ್‌ಲಾಕ್ ಇರಬೇಕು, ಇಲ್ಲವೇ ಇನ್ವರ್ಟರಿನ ಉತ್ಪಾದನೆಯನ್ನು ತಗ್ಗಿಸುವ ಕಂಟ್ರೋಲರ್ ಇರಬೇಕು. ಎರಡೂ ಇಲ್ಲದಿದ್ದರೆ ರಿವಿಷನ್‌ಗೆ ವಾಪಸ್ ಕಳಿಸಿ.

ಹಳೆಯ ಕಟ್ಟಡ, ಹಳೆಯ ಎಸ್‌ಎಲ್‌ಡಿ. ನಂಬಬಹುದೇ?

ಹಾಳೆ ಹಿಡಿದು ಸೈಟಿನಲ್ಲಿ ಅರ್ಧ ದಿನ ಓಡಾಡಿ. ಟ್ರಾನ್ಸ್‌ಫಾರ್ಮರಿನ ನೇಮ್ ಪ್ಲೇಟಿನಿಂದ ಕೆವಿಎ ಮತ್ತು ಶೇಕಡಾ ಇಂಪೀಡೆನ್ಸ್ ಬರೆದುಕೊಳ್ಳಿ, ಪ್ರತಿ ಬ್ರೇಕರಿನ ಮೇಲಿನ ಆಂಪಿಯರ್, ಕಿಲೋ ಆಂಪಿಯರ್, ಡಯಲ್‌ಗಳ ಸ್ಥಾನ ಬರೆದುಕೊಳ್ಳಿ, ಕೇಬಲ್ ಹೊದಿಕೆಯ ಮೇಲೆ ಅಚ್ಚಾಗಿರುವ ಅಳತೆ ಓದಿ. ಪ್ಯಾನೆಲ್ ಬಾಗಿಲು ತೆಗೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು.

ಬದಲಾವಣೆ ಆಗಿರುವುದು ಹೆಚ್ಚಾಗಿ ಒಂದೇ ತುದಿಯಲ್ಲಿ. ನಮ್ಮ ಮಂಟಪಕ್ಕೇ ಎ.ಸಿ. ಹಾಲ್ ಸೇರಿಸಿ ಟ್ರಾನ್ಸ್‌ಫಾರ್ಮರನ್ನು 500 ಕೆವಿಎ ಮಾಡಿದರು, ಇಂಪೀಡೆನ್ಸ್ ಅದೇ 4.5 ಶೇಕಡಾ ಎಂದುಕೊಳ್ಳಿ. ಹೊಸ ಇನ್‌ಕಮರ್, ಹೊಸ ಬಸ್, ಎಲ್ಲ ಸರಿ. ಆದರೆ ಬಸ್‌ನ ಶಾರ್ಟ್ ಕರೆಂಟು 7.4ರಿಂದ 14.8 ಕಿಲೋ ಆಂಪಿಯರ್‌ಗೆ ಏರಿತು. ಆ ಬಸ್‌ನಿಂದಲೇ, ಬಹಳ ಹಿಂದೆ ಬೋರ್‌ವೆಲ್ ಮೋಟಾರಿಗೆಂದು ಯಾರೋ ಹಾಕಿದ 10 ಕಿಲೋ ಆಂಪಿಯರ್‌ನ ಪುಟ್ಟ ಬ್ರೇಕರ್ ಒಂದು ಮೂಲೆಯಲ್ಲಿ ಹಾಗೇ ಉಳಿದಿರುತ್ತದೆ. ಅದರ ಆಂಪಿಯರ್ ಸರಿಯಿದೆ, ಮೋಟಾರೂ ಸರಿಯಾಗಿ ಓಡುತ್ತಿದೆ, ಆದ್ದರಿಂದ ಯಾರೂ ಅದರ ಕಡೆ ನೋಡಿರುವುದಿಲ್ಲ. ಮೊದಲು ಬದಲಿಸಬೇಕಾದದ್ದು ಅದನ್ನೇ.